ಟ್ರಸ್ ಲೆಕ್ಕ: ಮೊದಲು ಸೊನ್ನೆ ಬಲದ ಮೆಂಬರ್ ಹುಡುಕಿ, ಆಮೇಲೆ ಜಾಯಿಂಟ್ ಬಿಡಿಸಿ

ಹುಬ್ಬಳ್ಳಿಯ ಗೋಕುಲ ರೋಡ್ ಅಥವಾ ತಾರಿಹಾಳದ ಯಾವುದಾದರೂ ಶೆಡ್ಡಿನೊಳಗೆ ನಿಂತು ತಲೆ ಎತ್ತಿ ನೋಡಿ. ಪತ್ರಾಸಿನ ಕೆಳಗೆ ಆ್ಯಂಗಲ್ ತುಂಡುಗಳನ್ನು ತ್ರಿಕೋನ ತ್ರಿಕೋನವಾಗಿ ವೆಲ್ಡ್ ಮಾಡಿದ ಟ್ರಸ್ ಕಾಣುತ್ತದೆ. ಅದರಲ್ಲಿ ಇಪ್ಪತ್ತು ಚಿಲ್ಲರೆ ಮೆಂಬರ್‌ಗಳು ಇರುತ್ತವೆ. ಡಿಪ್ಲೊಮಾ, ಬಿ.ಇ. ಹುಡುಗರು ಇಂಥ ಟ್ರಸ್ ಲೆಕ್ಕ ಸಿಕ್ಕ ಕೂಡಲೇ ಎಡಗಡೆಯ ಮೂಲೆಯಿಂದ ಶುರುಮಾಡಿ, ಒಂದೊಂದೇ ಜಾಯಿಂಟ್‌ಗೆ ಎರಡೆರಡು ಸಮೀಕರಣ ಬರೆಯುತ್ತ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಪೆನ್ಸಿಲ್ ಹಿಡಿಯುವ ಮೊದಲು ಎರಡು ನಿಮಿಷ ಚಿತ್ರ ನೋಡಿದರೆ ಎಷ್ಟೋ ಮೆಂಬರ್‌ಗಳಲ್ಲಿ ಬಲವೇ ಇಲ್ಲ ಎಂದು ಲೆಕ್ಕವಿಲ್ಲದೆ ಹೇಳಬಹುದು. ಉಳಿದದ್ದು ಸಣ್ಣ ಲೆಕ್ಕ.

ಇಲ್ಲಿ ಒಂದೇ ಟ್ರಸ್ ತೆಗೆದುಕೊಂಡು ಪೂರ್ತಿ ಬಿಡಿಸೋಣ. ಮೊದಲು ಶೆಡ್ಡಿನಲ್ಲಿ ಎಂಜಿನ್ ಎತ್ತಲು ಕಟ್ಟಿದ ಚೈನ್ ಪುಲ್ಲಿಯ ಭಾರಕ್ಕೆ, ಆಮೇಲೆ ಮೇಲ್ಛಾವಣಿಯ ಭಾರಕ್ಕೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ತಾನಾಗಿ ಕಾಣುತ್ತದೆ: ಸೊನ್ನೆ ಎನ್ನುವುದು ಮೆಂಬರಿನ ಗುಣ ಅಲ್ಲ, ಆ ಹೊತ್ತಿನ ಭಾರದ ಗುಣ.

ಚಿತ್ರ ಬರೆದುಕೊಳ್ಳಿ

ಟ್ರಸ್‌ನ ಅಗಲ 12 ಮೀಟರ್, ನಡುವಿನ ಎತ್ತರ 3 ಮೀಟರ್. ಕೆಳಗಿನ ಉದ್ದನೆಯ ಮೆಂಬರಿಗೆ ಟೈ ಎನ್ನುತ್ತಾರೆ, ಮೇಲಿನ ಇಳಿಜಾರಿನದಕ್ಕೆ ರಾಫ್ಟರ್. ಟೈ ಮೇಲೆ 2 ಮೀಟರಿಗೊಂದರಂತೆ ಏಳು ಜಾಯಿಂಟ್ ಇವೆ. ಎಡದಿಂದ ಬಲಕ್ಕೆ ಅವುಗಳಿಗೆ 1ರಿಂದ 7ರವರೆಗೆ ನಂಬರ್ ಕೊಡಿ. ರಾಫ್ಟರ್ ಮೇಲೆ ಐದು ಜಾಯಿಂಟ್. ಅವು 8ರಿಂದ 12. ಚೌಕುಳಿ ಹಾಳೆಯ ಮೇಲೆ ಈ ಅಳತೆಗಳಿಗೆ ಸರಿಯಾಗಿ ಗುರುತು ಹಾಕಿ. ಮೊದಲ ಅಂಕಿ ಎಡ ಮೂಲೆಯಿಂದ ಅಡ್ಡ ದೂರ, ಎರಡನೆಯದು ಎತ್ತರ, ಎರಡೂ ಮೀಟರಿನಲ್ಲಿ.

```
 1 (0,0)    2 (2,0)    3 (4,0)    4 (6,0)
 5 (8,0)    6 (10,0)   7 (12,0)
 8 (2,1)    9 (4,2)   10 (6,3)
11 (8,2)   12 (10,1)
```

ಈಗ ಗೆರೆ ಎಳೆಯಿರಿ. ಟೈನಲ್ಲಿ 1-2, 2-3, 3-4, 4-5, 5-6, 6-7. ರಾಫ್ಟರಿನಲ್ಲಿ 1-8, 8-9, 9-10, 10-11, 11-12, 12-7. ನೆಟ್ಟಗೆ ನಿಂತವು 2-8, 3-9, 4-10, 5-11, 6-12. ಓರೆಯಾದವು 8-3, 9-4, 11-4, 12-5. ಒಟ್ಟು 21 ಮೆಂಬರ್, 12 ಜಾಯಿಂಟ್. ಪ್ರತಿ ಜಾಯಿಂಟ್‌ಗೆ ಎರಡು ಸಮೀಕರಣ, ಅಂದರೆ 24. ಗೊತ್ತಿಲ್ಲದ್ದು 21 ಮೆಂಬರ್ ಬಲ ಮತ್ತು 3 ಆಧಾರದ ಪ್ರತಿಕ್ರಿಯೆ, ಅದೂ 24. ಎರಡೂ ತಾಳೆಯಾದರೆ ಈ ವಿಧಾನದಿಂದ ಟ್ರಸ್ ಬಿಡಿಸಬಹುದು. ಒಂದು ಮೆಂಬರ್ ಜಾಸ್ತಿ ಇದ್ದರೂ ಬರೀ ಸಮತೋಲನದ ಸಮೀಕರಣಗಳು ಸಾಲುವುದಿಲ್ಲ.

ಜಾಯಿಂಟ್ 1 ಗೋಡೆಗೆ ಬಿಗಿದ ಪಿನ್ ಆಧಾರ. ಜಾಯಿಂಟ್ 7ರಲ್ಲಿ ಬೇಸ್ ಪ್ಲೇಟಿನ ತೂತನ್ನು ಉದ್ದಕ್ಕೆ ಕೊರೆದಿರುತ್ತಾರೆ, ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಸ್ವಲ್ಪ ಸರಿಯಲಿ ಎಂದು. ಲೆಕ್ಕದಲ್ಲಿ ಅದು ರೋಲರ್ ಆಧಾರ.

ಮೆಂಬರ್ ಒಂದು ಜಾಯಿಂಟನ್ನು ತನ್ನ ಕಡೆಗೆ ಎಳೆದರೆ ಅದರಲ್ಲಿರುವುದು ಟೆನ್ಷನ್. ಜಾಯಿಂಟನ್ನು ನೂಕಿದರೆ ಕಂಪ್ರೆಶನ್. ಗೊತ್ತಿಲ್ಲದ ಮೆಂಬರ್‌ಗಳನ್ನೆಲ್ಲ ಟೆನ್ಷನ್ ಎಂದೇ ಹಿಡಿದು ಬರೆಯಿರಿ. ಉತ್ತರ ಮೈನಸ್ ಬಂದರೆ ಅದು ಕಂಪ್ರೆಶನ್. ಅಂದಾಜಿನ ಮೇಲೆ ಕೆಲವನ್ನು ಹೀಗೆ, ಕೆಲವನ್ನು ಹಾಗೆ ಹಿಡಿದರೆ ಮೂರನೇ ಜಾಯಿಂಟ್‌ಗೆ ಬರುವಷ್ಟರಲ್ಲಿ ಚಿಹ್ನೆಗಳು ಕಲಸಿಹೋಗುತ್ತವೆ.

ಭಾರ ಮತ್ತು ಆಧಾರ

ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಒಂದು ಟನ್ನಿನ ಚೈನ್ ಪುಲ್ಲಿಯನ್ನು ಜಾಯಿಂಟ್ 3ಕ್ಕೆ ಕಟ್ಟಿದ್ದಾರೆ ಎಂದುಕೊಳ್ಳಿ. ಒಂದು ಟನ್ ಎಂದರೆ ಸುಮಾರು 9.8 ಕಿಲೋನ್ಯೂಟನ್. ಪುಲ್ಲಿಯ ಸ್ವಂತ ತೂಕ, ಎತ್ತುವಾಗಿನ ಜಗ್ಗಾಟ ಎಲ್ಲ ಸೇರಿಸಿ 12 ಕಿಲೋನ್ಯೂಟನ್ ಹಿಡಿಯೋಣ. ಸದ್ಯಕ್ಕೆ ಪತ್ರಾಸಿನ ಭಾರ ಬಿಟ್ಟುಬಿಡಿ. ಎರಡು ಭಾರಗಳನ್ನು ಬೇರೆ ಬೇರೆ ಬಿಡಿಸಿ ಕೊನೆಗೆ ಕೂಡಿಸಿದರೂ ಉತ್ತರ ಒಂದೇ.

ಜಾಯಿಂಟ್ 7ರ ಸುತ್ತ ಮೊಮೆಂಟ್ ತೆಗೆಯಿರಿ. ಭಾರ ಅಲ್ಲಿಂದ 8 ಮೀಟರ್ ದೂರ ಇದೆ.

```
12 × 8 = 96
96 ÷ 12 = 8    (ಜಾಯಿಂಟ್ 1ರ ಆಧಾರ, ಮೇಲಕ್ಕೆ)
12 − 8 = 4     (ಜಾಯಿಂಟ್ 7ರ ಆಧಾರ, ಮೇಲಕ್ಕೆ)
```

ಅಡ್ಡ ಭಾರ ಇಲ್ಲದ್ದರಿಂದ ಜಾಯಿಂಟ್ 1ರಲ್ಲಿ ಅಡ್ಡ ಪ್ರತಿಕ್ರಿಯೆಯೂ ಇಲ್ಲ. ಈ ಎರಡು ಪ್ರತಿಕ್ರಿಯೆಗಳನ್ನು ಚಿತ್ರದ ಮೇಲೆ ಬಾಣ ಹಾಕಿ ಈಗಲೇ ಬರೆದುಬಿಡಿ. ಸೊನ್ನೆ ಹುಡುಕುವಾಗ ಆಧಾರವೂ ಒಂದು ಭಾರವೇ. ಬಾಣ ಕಣ್ಣಿಗೆ ಬೀಳದಿದ್ದರೆ ಜಾಯಿಂಟ್ 1ರಲ್ಲಿ ಎರಡೇ ಮೆಂಬರ್ ಇವೆ, ಭಾರ ಇಲ್ಲ, ಎರಡೂ ಸೊನ್ನೆ ಎಂದು ಬರೆಯುವ ಅಪಾಯ ಇರುತ್ತದೆ. ಇದು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಸೊನ್ನೆ ಹುಡುಕುವ ಎರಡು ನಿಯಮ

ಮೊದಲನೆಯದು: ಒಂದು ಜಾಯಿಂಟಿನಲ್ಲಿ ಮೂರೇ ಮೆಂಬರ್ ಸೇರಿವೆ, ಅವುಗಳಲ್ಲಿ ಎರಡು ಒಂದೇ ನೇರದಲ್ಲಿವೆ, ಅಲ್ಲಿ ಭಾರವೂ ಇಲ್ಲ, ಆಧಾರವೂ ಇಲ್ಲ. ಆಗ ಮೂರನೆಯ ಮೆಂಬರ್ ಸೊನ್ನೆ. ಕಾರಣ ಸರಳ. ನೇರದಲ್ಲಿರುವ ಎರಡು ಮೆಂಬರ್‌ಗಳು ಆ ನೇರದಲ್ಲಿ ಮಾತ್ರ ಎಳೆಯಬಲ್ಲವು ಇಲ್ಲವೇ ನೂಕಬಲ್ಲವು. ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಅವುಗಳಿಗೆ ಏನೂ ಮಾಡಲು ಬರುವುದಿಲ್ಲ. ಆ ದಿಕ್ಕಿನಲ್ಲಿ ಬಲ ಇರುವುದು ಮೂರನೆಯದಕ್ಕೆ ಮಾತ್ರ. ಅದನ್ನು ಸರಿದೂಗಿಸಲು ಬೇರೆ ಯಾರೂ ಇಲ್ಲ. ಹಾಗಾಗಿ ಅದು ಸೊನ್ನೆಯೇ ಆಗಬೇಕು. ಜೊತೆಗೆ ನೇರದಲ್ಲಿರುವ ಎರಡರ ಬಲವೂ ಒಂದೇ ಆಗುತ್ತದೆ. ಈ ಎರಡನೇ ಲಾಭವನ್ನು ಬಹಳ ಜನ ಮರೆಯುತ್ತಾರೆ, ಆದರೆ ಲೆಕ್ಕ ಚಿಕ್ಕದಾಗುವುದು ಅದರಿಂದಲೇ.

ಎರಡನೆಯದು: ಎರಡೇ ಮೆಂಬರ್ ಸೇರುವ ಜಾಯಿಂಟ್, ಅವು ಒಂದೇ ನೇರದಲ್ಲಿಲ್ಲ, ಭಾರ-ಆಧಾರ ಇಲ್ಲ. ಆಗ ಎರಡೂ ಸೊನ್ನೆ. ನಮ್ಮ ಟ್ರಸ್‌ನಲ್ಲಿ ಇದಕ್ಕೆ ಜಾಗ ಇಲ್ಲ. ಗೋಡೆಯ ಹೊರಗೆ ಸೂರಿಗಾಗಿ ರಾಫ್ಟರ್ ಚಾಚಿ, ತುದಿಗೆ ಕೆಳಗಿನಿಂದ ಒಂದು ಆಸರೆ ಕೊಟ್ಟಿದ್ದರೆ ಪುಲ್ಲಿಯ ಲೆಕ್ಕದಲ್ಲಿ ಆ ತುದಿಯ ಎರಡೂ ಮೆಂಬರ್ ಸೊನ್ನೆ ಆಗುತ್ತಿದ್ದವು.

ಈಗ ಟ್ರಸ್ ಮೇಲೆ ನಡೆಯೋಣ

ಜಾಯಿಂಟ್ 2ರಿಂದ ಶುರು. ಅಲ್ಲಿ 1-2, 2-3 ಒಂದೇ ನೇರ. ಮೂರನೆಯದು 2-8. ಭಾರ ಇಲ್ಲ. 2-8 ಸೊನ್ನೆ. ಚಿತ್ರದಲ್ಲಿ ಅದರ ಮೇಲೆ ಸಣ್ಣ ಸೊನ್ನೆ ಬರೆಯಿರಿ.

ಈಗ ಅದರ ಇನ್ನೊಂದು ತುದಿಗೆ, ಜಾಯಿಂಟ್ 8ಕ್ಕೆ ಹೋಗಿ. ಅಲ್ಲಿ ನಾಲ್ಕು ಮೆಂಬರ್ ಇವೆ: 1-8, 8-9, 2-8, 8-3. ಮೊದಲ ನೋಟಕ್ಕೆ ನಿಯಮ ಕೂರುವುದಿಲ್ಲ. ಆದರೆ 2-8 ಈಗ ಸೊನ್ನೆ, ಅಂದರೆ ಲೆಕ್ಕದ ಮಟ್ಟಿಗೆ ಅದು ಇಲ್ಲ. ಉಳಿದ ಮೂರರಲ್ಲಿ 1-8, 8-9 ಒಂದೇ ರಾಫ್ಟರಿನ ತುಂಡುಗಳು, ಒಂದೇ ನೇರ. ಪುಲ್ಲಿಯ ಲೆಕ್ಕದಲ್ಲಿ ಜಾಯಿಂಟ್ 8ರ ಮೇಲೆ ಭಾರ ಇಲ್ಲ. ಹಾಗಾದರೆ 8-3 ಕೂಡ ಸೊನ್ನೆ. ಇಲ್ಲಿ ನೇರ ಎಂದರೆ ಅಡ್ಡಗೆರೆ ಅಥವಾ ನಿಲುವುಗೆರೆಯೇ ಆಗಬೇಕಿಲ್ಲ. ಇಳಿಜಾರಿನ ನೇರವೂ ನೇರವೇ. ಲಂಬ ದಿಕ್ಕನ್ನು ರಾಫ್ಟರಿಗೆ ಲಂಬವಾಗಿ ಹಿಡಿಯಬೇಕು, ಅಷ್ಟೇ.

ಮುಂದೆ ಜಾಯಿಂಟ್ 3. 2-3, 3-4 ಒಂದೇ ನೇರ, 8-3 ಸೊನ್ನೆ, ಉಳಿದದ್ದು 3-9. ಇಲ್ಲಿ ಸರಪಳಿ ನಿಲ್ಲುತ್ತದೆ, ಏಕೆಂದರೆ ಪುಲ್ಲಿ ನೇತಾಡುವುದು ಇಲ್ಲೇ. 3-9 ಸೊನ್ನೆ ಅಲ್ಲ. ಆದರೆ ಅದೇ ತರ್ಕದಿಂದ ಅದರ ಬಲ ಎಷ್ಟು ಎಂದು ಈಗಲೇ ಹೇಳಬಹುದು. ಮೇಲೆ-ಕೆಳಗಿನ ದಿಕ್ಕಿನಲ್ಲಿ ಭಾರಕ್ಕೆ ಎದುರಾಗಿ ಇರುವುದು ಅದೊಂದೇ. 3-9ರಲ್ಲಿ 12 ಕಿಲೋನ್ಯೂಟನ್ ಟೆನ್ಷನ್.

ಬಲಗಡೆ ಸರಪಳಿ ಇನ್ನೂ ಉದ್ದ. ಜಾಯಿಂಟ್ 6ರಲ್ಲಿ 6-12 ಸೊನ್ನೆ. ಅದರಿಂದ ಜಾಯಿಂಟ್ 12ರಲ್ಲಿ 12-5 ಸೊನ್ನೆ. ಅದರಿಂದ ಜಾಯಿಂಟ್ 5ರಲ್ಲಿ 5-11 ಸೊನ್ನೆ, ಅಲ್ಲಿ ಭಾರ ಇಲ್ಲವಲ್ಲ. ಅದರಿಂದ ಜಾಯಿಂಟ್ 11ರಲ್ಲಿ 11-4 ಸೊನ್ನೆ. ಹೀಗೆ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಅಂಕುಡೊಂಕಾಗಿ ನಡು ಜಾಯಿಂಟ್ 4ರವರೆಗೆ ಬಂದೆವು.

ಒಂದು ಸೊನ್ನೆ ಸಿಕ್ಕ ಕೂಡಲೇ ಅದರ ಆಚೆ ತುದಿಯ ಜಾಯಿಂಟನ್ನು ಮತ್ತೆ ನೋಡುವುದು, ಈ ಕೆಲಸದ ಕೀಲಿ ಇದೇ. ಎಲ್ಲ ಜಾಯಿಂಟ್‌ಗಳನ್ನು ಒಂದೇ ಸುತ್ತು ನೋಡಿ ಬಿಟ್ಟಿದ್ದರೆ 2-8, 6-12 ಎರಡೇ ಸಿಗುತ್ತಿದ್ದವು. ಸರಪಳಿ ಹಿಡಿದು ಹೋದದ್ದರಿಂದ ಆರು ಸಿಕ್ಕವು: 2-8, 8-3, 6-12, 12-5, 5-11, 11-4.

ಜಾಯಿಂಟ್ 10ರ ಬಲೆ

ಈಗ ತುತ್ತತುದಿಯ ಜಾಯಿಂಟ್ 10 ನೋಡಿ. ಮೂರು ಮೆಂಬರ್, ಭಾರ ಇಲ್ಲ. ಎಡಕ್ಕೊಂದು, ಬಲಕ್ಕೊಂದು ರಾಫ್ಟರ್, ನಡುವೆ ನೆಟ್ಟಗೆ 4-10. ಜಾಯಿಂಟ್ 2ನ್ನು ನೋಡಿದ ಕಣ್ಣಿಗೆ ಇದೂ ಹಾಗೇ ಕಾಣುತ್ತದೆ. 4-10 ಸೊನ್ನೆ ಎಂದು ಬರೆಯಲು ಕೈ ಓಡುತ್ತದೆ. ಬರೆಯಬೇಡಿ. ಎರಡು ರಾಫ್ಟರ್‌ಗಳು ಇಲ್ಲಿ ಒಂದೇ ನೇರದಲ್ಲಿಲ್ಲ, ಮಡಚಿಕೊಂಡಿವೆ. ಎರಡೂ ಕಂಪ್ರೆಶನ್‌ನಲ್ಲಿದ್ದರೆ ಎರಡೂ ಸೇರಿ ತುದಿಯನ್ನು ಮೇಲಕ್ಕೆ ನೂಕುತ್ತವೆ. ಅದನ್ನು ಕೆಳಗೆ ಹಿಡಿದು ನಿಲ್ಲಿಸುವುದು 4-10. ಈ ಲೆಕ್ಕದಲ್ಲಿ ಅದರ ಬಲ 8 ಕಿಲೋನ್ಯೂಟನ್ ಎಂದು ಈಗ ಕಾಣುತ್ತೇವೆ.

ಅನುಮಾನ ಬಂದರೆ ಅಳತೆ ನೋಡಿ. 9ರಿಂದ 10ಕ್ಕೆ 2 ಮೀಟರ್ ಹೋಗುವಾಗ 1 ಮೀಟರ್ ಏರುತ್ತೇವೆ. 10ರಿಂದ 11ಕ್ಕೆ 2 ಮೀಟರ್ ಹೋಗುವಾಗ 1 ಮೀಟರ್ ಇಳಿಯುತ್ತೇವೆ. ಏರು-ಇಳಿ ಬೇರೆ ಆದ ಕಡೆ ನೇರ ಇಲ್ಲ.

ಉಳಿದದ್ದನ್ನು ಬಿಡಿಸುವುದು

ಆರು ಸೊನ್ನೆ ಹೋದ ಮೇಲೆ ಉಳಿದ ಮೆಂಬರ್ 15. ಆದರೆ ಬಿಡಿಸಬೇಕಾದ್ದು ಅಷ್ಟೂ ಅಲ್ಲ. ನೇರದಲ್ಲಿರುವವು ಸಮ ಎಂಬ ಲಾಭ ನೆನಪಿಸಿಕೊಳ್ಳಿ. 1-8 ಮತ್ತು 8-9ರ ಬಲ ಒಂದೇ. 1-2, 2-3, 3-4 ಒಂದೇ. ಬಲಗಡೆ 10-11, 11-12, 12-7 ಒಂದೇ. 4-5, 5-6, 6-7 ಒಂದೇ. 3-9 ಆಗಲೇ ಗೊತ್ತು. ಹೊಸದಾಗಿ ಕಂಡುಹಿಡಿಯಬೇಕಾದ ಬಲಗಳು ಏಳೇ.

ಸೈನ್, ಕೊಸೈನ್ ಬಟನ್ ಒತ್ತುವ ಬದಲು ಅಳತೆಯ ಅನುಪಾತ ಬಳಸಿ. ರಾಫ್ಟರ್ ಅಡ್ಡಕ್ಕೆ 2, ಮೇಲಕ್ಕೆ 1. ಹಾಗಾಗಿ ಅದರ ಬಲದ ಅಡ್ಡ ಭಾಗ ಯಾವಾಗಲೂ ನಿಲುವು ಭಾಗದ ಎರಡು ಪಟ್ಟು. ಪೂರ್ತಿ ಬಲ ನಿಲುವು ಭಾಗದ √5 ಪಟ್ಟು, ಅಂದರೆ 2.236. ಓರೆ ಮೆಂಬರ್ 9-4 ಅಡ್ಡಕ್ಕೆ 2, ಕೆಳಕ್ಕೆ 2. ಅದರ ಎರಡೂ ಭಾಗ ಸಮ, ಪೂರ್ತಿ ಬಲ ಒಂದು ಭಾಗದ 1.414 ಪಟ್ಟು. ಹೀಗೆ ಮಾಡಿದರೆ ಕೊನೆಯವರೆಗೂ ಪೂರ್ಣಾಂಕಗಳೇ ಬರುತ್ತವೆ. ದಶಮಾಂಶ ಬರುವುದು ಕೊನೆಯ ಗುಣಾಕಾರದಲ್ಲಿ ಮಾತ್ರ.

ಜಾಯಿಂಟ್ 1. ಆಧಾರ ಮೇಲಕ್ಕೆ 8 ನೂಕುತ್ತದೆ. ಟೈ ಅಡ್ಡ ಇದೆ, ಅದಕ್ಕೆ ಮೇಲೆ-ಕೆಳಗೆ ಸಂಬಂಧ ಇಲ್ಲ. ಹಾಗಾಗಿ ರಾಫ್ಟರ್ 1-8 ಕೆಳಕ್ಕೆ 8 ನೂಕಬೇಕು. ನೂಕುತ್ತದೆ ಎಂದರೆ ಕಂಪ್ರೆಶನ್. ಪೂರ್ತಿ ಬಲ 8 × 2.236 = 17.89. ಅದರ ಅಡ್ಡ ಭಾಗ 16, ಎಡಕ್ಕೆ. ಅದನ್ನು ಸರಿದೂಗಿಸಲು ಟೈ 1-2 ಬಲಕ್ಕೆ 16 ಎಳೆಯಬೇಕು. ಟೆನ್ಷನ್.

ಇಲ್ಲಿಂದ ನೇರ ಜಾಯಿಂಟ್ 9ಕ್ಕೆ ಹಾರಬಹುದು. 2, 8, 3 ಮೂರೂ ಸೊನ್ನೆ ಹುಡುಕುವಾಗಲೇ ಮುಗಿದಿವೆ.

ಜಾಯಿಂಟ್ 9ರಲ್ಲಿ ಗೊತ್ತಿರುವುದು ಎರಡು. 8-9 ಕಂಪ್ರೆಶನ್, ಅದು ಜಾಯಿಂಟನ್ನು ಬಲಕ್ಕೆ 16, ಮೇಲಕ್ಕೆ 8 ನೂಕುತ್ತದೆ. 3-9 ಕೆಳಕ್ಕೆ 12 ಎಳೆಯುತ್ತದೆ. ಗೊತ್ತಿಲ್ಲದ್ದು ಎರಡು, 9-10 ಮತ್ತು 9-4. 9-10ರ ನಿಲುವು ಭಾಗ x ಎನ್ನಿ. ಟೆನ್ಷನ್ ಎಂದು ಹಿಡಿದರೆ ಅದು ಬಲಕ್ಕೆ 2x, ಮೇಲಕ್ಕೆ x ಎಳೆಯುತ್ತದೆ. 9-4ರ ಒಂದು ಭಾಗ y ಎನ್ನಿ. ಅದು ಬಲಕ್ಕೆ y, ಕೆಳಕ್ಕೆ y.

```
ಅಡ್ಡ:    16 + 2x + y = 0
ನಿಲುವು:   8 + x − 12 − y = 0
```

ಎರಡನ್ನೂ ಕೂಡಿಸಿದರೆ y ಹೋಗುತ್ತದೆ. 12 + 3x = 0, ಆದ್ದರಿಂದ x = −4. ಮೊದಲನೆಯದರಲ್ಲಿ ಹಾಕಿದರೆ y = −8. ಎರಡೂ ಮೈನಸ್, ಎರಡೂ ಕಂಪ್ರೆಶನ್. 9-10ರ ಬಲ 4 × 2.236 = 8.94. 9-4ರ ಬಲ 8 × 1.414 = 11.31.

ಜಾಯಿಂಟ್ 7. ಆಧಾರ 4. ಜಾಯಿಂಟ್ 1ರ ಹಾಗೇ ರಾಫ್ಟರ್ 12-7ರಲ್ಲಿ 8.94 ಕಂಪ್ರೆಶನ್, ಟೈ 6-7ರಲ್ಲಿ 8 ಟೆನ್ಷನ್. ಎಡದಿಂದಲೇ ಬಲಕ್ಕೆ ಹೋಗಬೇಕು ಎಂಬ ಕಟ್ಟುಪಾಡು ಇಲ್ಲ. ಎರಡು ಕಡೆಯಿಂದ ಬಂದು ನಡುವೆ ಸೇರಿದರೆ ಒಂದು ಕಡೆಯ ತಪ್ಪು ಇನ್ನೊಂದು ಕಡೆಗೆ ಹರಿಯುವುದಿಲ್ಲ.

ಜಾಯಿಂಟ್ 10. ಎಡ ರಾಫ್ಟರ್ ಬಲಕ್ಕೆ 8, ಬಲ ರಾಫ್ಟರ್ ಎಡಕ್ಕೆ 8 ನೂಕುತ್ತವೆ. ಎಡದ್ದನ್ನು ಜಾಯಿಂಟ್ 9ರಿಂದ ತಂದೆವು, ಬಲದ್ದನ್ನು ಜಾಯಿಂಟ್ 7ರಿಂದ ತಂದೆವು. ಎರಡು ಬೇರೆ ದಾರಿಯಿಂದ ಬಂದ ಸಂಖ್ಯೆಗಳು ಕೂಡಿಕೊಂಡವು. ಇದು ಮೊದಲ ತಾಳೆ. ಮೇಲಕ್ಕೆ 4 + 4 = 8. ಅದನ್ನು ಕೆಳಕ್ಕೆ ಹಿಡಿಯಲು 4-10ರಲ್ಲಿ 8 ಟೆನ್ಷನ್.

ಸರಿ ಬಂತೇ ಎಂದು ತಿಳಿಯುವುದು

ಜಾಯಿಂಟ್ 4ನ್ನು ಇನ್ನೂ ಮುಟ್ಟಿಲ್ಲ. ಅದನ್ನು ಬೇಕೆಂತಲೇ ಕೊನೆಗೆ ಉಳಿಸಿಕೊಳ್ಳುತ್ತೇವೆ. ಅಲ್ಲಿ 4-10 ಮೇಲಕ್ಕೆ 8 ಎಳೆಯುತ್ತದೆ. 9-4 ಕಂಪ್ರೆಶನ್‌ನಿಂದ ಕೆಳಕ್ಕೆ 8, ಬಲಕ್ಕೆ 8 ನೂಕುತ್ತದೆ. 11-4 ಸೊನ್ನೆ. ನಿಲುವು ದಿಕ್ಕು ಸರಿಹೋಯಿತು. ಅಡ್ಡದಲ್ಲಿ 3-4 ಎಡಕ್ಕೆ 16 ಎಳೆಯುತ್ತದೆ. ಬಲಕ್ಕೆ 9-4ರ 8, 4-5ರ 8, ಒಟ್ಟು 16. ಅದೂ ಸರಿ.

ಇನ್ನೊಂದು ತಾಳೆ ಪೂರ್ತಿ ಬೇರೆ ದಾರಿಯದು. 9-10, 9-4, 3-4 ಮೂರನ್ನೂ ಕತ್ತರಿಸಿ ಎಡ ತುಂಡನ್ನು ಮಾತ್ರ ನೋಡಿ. ಜಾಯಿಂಟ್ 4ರ ಸುತ್ತ ಮೊಮೆಂಟ್ ತೆಗೆದರೆ 9-4, 3-4 ಎರಡೂ ಅದೇ ಬಿಂದುವಿನ ಮೂಲಕ ಹೋಗುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

```
8 × 6 − 12 × 2 = 24
24 ÷ 3 = 8
```

9-10ರ ಅಡ್ಡ ಭಾಗ 8. ನಾವು ಜಾಯಿಂಟ್ 9ರಿಂದ ತಂದದ್ದೂ 2 × 4 = 8. ತಾಳೆ ಆಗದಿದ್ದರೆ ಎಲ್ಲಿ ಹುಡುಕಬೇಕು? ಮೊದಲು ಜಾಯಿಂಟ್ 9. ಅಲ್ಲಿ 3-9ರ 12ನ್ನು ಮೇಲಕ್ಕೆ ಬರೆದಿರುತ್ತಾರೆ. ಟೆನ್ಷನ್ ಮೆಂಬರ್ ತನ್ನ ಎರಡೂ ತುದಿಯ ಜಾಯಿಂಟನ್ನು ತನ್ನ ಕಡೆಗೇ ಎಳೆಯುತ್ತದೆ. ಜಾಯಿಂಟ್ 3ಕ್ಕೆ ಅದು ಮೇಲಕ್ಕೆ, ಜಾಯಿಂಟ್ 9ಕ್ಕೆ ಕೆಳಕ್ಕೆ.

ಅದೇ ಟ್ರಸ್, ಮೇಲ್ಛಾವಣಿಯ ಭಾರ

ಟ್ರಸ್‌ಗಳ ನಡುವಿನ ಅಂತರ 4 ಮೀಟರ್ ಎನ್ನಿ. ಒಂದೊಂದು ಮೇಲಿನ ಜಾಯಿಂಟ್ 2 ಮೀಟರ್ ಅಗಲ, 4 ಮೀಟರ್ ಉದ್ದದ ಛಾವಣಿಯನ್ನು ಹೊರುತ್ತದೆ. ಅಂದರೆ 8 ಚದರ ಮೀಟರ್. ಪತ್ರಾಸು, ಅದನ್ನು ಹೊರುವ ಪರ್ಲಿನ್, ಟ್ರಸ್‌ನ ತೂಕ, ರಿಪೇರಿಗೆ ಹತ್ತುವವರ ಭಾರ ಎಲ್ಲ ಸೇರಿ ಚದರ ಮೀಟರಿಗೆ 0.75 ಕಿಲೋನ್ಯೂಟನ್ ಹಿಡಿದರೆ ಜಾಯಿಂಟ್‌ಗೆ 6. ಮೂಲೆಗಳಾದ 1, 7ಕ್ಕೆ ಅರ್ಧ, 3. ಒಟ್ಟು 36, ಎರಡೂ ಆಧಾರಕ್ಕೆ 18.

ಈಗ ಸೊನ್ನೆ ಹುಡುಕಿ. ಜಾಯಿಂಟ್ 2ರಲ್ಲಿ ಭಾರ ಇಲ್ಲ, 2-8 ಸೊನ್ನೆ. 6-12 ಸೊನ್ನೆ. ಆಚೆ ತುದಿಗೆ ಹೋದರೆ ಜಾಯಿಂಟ್ 8ರ ಮೇಲೆ ಪರ್ಲಿನ್ ಕೂತಿದೆ, 6 ಕಿಲೋನ್ಯೂಟನ್ ಇದೆ. ಸರಪಳಿ ಅಲ್ಲೇ ಕಡಿಯಿತು. ಆರು ಸೊನ್ನೆಗಳಲ್ಲಿ ಉಳಿದದ್ದು ಎರಡು.

ಜಾಯಿಂಟ್ 1ರಲ್ಲಿ ನಿಜವಾಗಿ ಉಳಿಯುವುದು 18 − 3 = 15. ಈ ಮೂರನ್ನು ಕಳೆಯಲು ಮರೆತರೆ ಮುಂದಿನದೆಲ್ಲ ಕೆಡುತ್ತದೆ. ಮುಂದೆ 1, 8, 3, 9, 10 ಈ ಕ್ರಮದಲ್ಲಿ ಹೋದರೆ ಪ್ರತಿ ಜಾಯಿಂಟ್‌ಗೂ ಗೊತ್ತಿಲ್ಲದ್ದು ಎರಡಕ್ಕಿಂತ ಜಾಸ್ತಿ ಇರುವುದಿಲ್ಲ. ಜಾಯಿಂಟ್ 8ರಲ್ಲಿ 2-8 ಸೊನ್ನೆ ಎಂದು ಮೊದಲೇ ಗೊತ್ತಿರುವುದು ಇಲ್ಲಿ ನಿಜವಾಗಿ ಕೈಹಿಡಿಯುತ್ತದೆ. ಗೊತ್ತಿಲ್ಲದಿದ್ದರೆ ಅಲ್ಲಿ ಮೂರು ಅಜ್ಞಾತ, ಎರಡು ಸಮೀಕರಣ. ಅಲ್ಲೇ ಸಿಕ್ಕಿಬೀಳುತ್ತೀರಿ. ವಿಧಾನ ಮೇಲಿನದ್ದೇ ಆದ್ದರಿಂದ ಹೆಜ್ಜೆಗಳನ್ನು ನೀವೇ ಮಾಡಿ ನೋಡಿ. ಉತ್ತರ ಹೀಗೆ ಬರಬೇಕು. ಟೆನ್ಷನ್ ಪ್ಲಸ್, ಕಂಪ್ರೆಶನ್ ಮೈನಸ್, ಎಲ್ಲ ಕಿಲೋನ್ಯೂಟನ್.

```
ಮೆಂಬರ್    ಪುಲ್ಲಿ      ಛಾವಣಿ     ಎರಡೂ
1-2       +16.00    +30.00    +46.00
3-4       +16.00    +24.00    +40.00
1-8       −17.89    −33.54    −51.43
8-9       −17.89    −26.83    −44.72
9-10       −8.94    −20.12    −29.07
2-8         0         0         0
8-3         0        −6.71     −6.71
3-9       +12.00     +3.00    +15.00
9-4       −11.31     −8.49    −19.80
4-10       +8.00    +12.00    +20.00
11-4        0        −8.49     −8.49
5-11        0        +3.00     +3.00
```

11-4ರ ಸಾಲು ನೋಡಿ. ಪುಲ್ಲಿಯ ಮಟ್ಟಿಗೆ ಅದು ಸುಮ್ನೆ ಇದೆ. ಛಾವಣಿಯ ಭಾರ ಬಂದ ಕೂಡಲೇ ಎಂಟೂವರೆ ಕಿಲೋನ್ಯೂಟನ್ ಕಂಪ್ರೆಶನ್ ಹೊರುತ್ತದೆ. ಅದಕ್ಕೇ ಭಾರದ ಒಂದೊಂದು ಸ್ಥಿತಿಗೂ ಸೊನ್ನೆಗಳನ್ನು ಹೊಸದಾಗಿ ಹುಡುಕಬೇಕು. ಒಂದು ಸ್ಥಿತಿಯ ಸೊನ್ನೆ ಗುರುತುಗಳನ್ನು ಇನ್ನೊಂದಕ್ಕೆ ಎತ್ತಿಕೊಂಡು ಹೋಗಬಾರದು. ನಾನು ಪ್ರತಿ ಸ್ಥಿತಿಗೂ ಬೇರೆ ಚಿತ್ರವನ್ನೇ ಬರೆಯಲು ಹೇಳುತ್ತೇನೆ, ಹಾಳೆ ಹೋದರೆ ಹೋಗಲಿ.

ಪುಲ್ಲಿ ಎಲ್ಲಿ ಕಟ್ಟುತ್ತಾರೆ ಎನ್ನುವುದು

ಈ ವಿಧಾನ ನಿಂತಿರುವುದೇ ಭಾರವೆಲ್ಲ ಜಾಯಿಂಟ್‌ಗಳ ಮೇಲೆ ಬೀಳುತ್ತದೆ ಎಂಬ ನಂಬಿಕೆಯ ಮೇಲೆ. ಶೆಡ್ಡಿನಲ್ಲಿ ಹಾಗೆ ಆಗುವುದೇ ಕಡಿಮೆ. ಎಂಜಿನ್ ಎಲ್ಲಿ ನಿಂತಿದೆಯೋ ಅದರ ಮೇಲೆ ಸರಿಯಾಗಿ ಬರಲಿ ಎಂದು ಪುಲ್ಲಿಯನ್ನು ಟೈ 2-3ರ ನಟ್ಟನಡುವೆ ಕಟ್ಟಿಬಿಡುತ್ತಾರೆ. ಆಗ ಎರಡು ಸಂಗತಿ ಬದಲಾಗುತ್ತವೆ.

ಒಂದು, 12ರಲ್ಲಿ ಅರ್ಧ, 6 ಕಿಲೋನ್ಯೂಟನ್, ಜಾಯಿಂಟ್ 2ಕ್ಕೆ ಹೋಗುತ್ತದೆ. 2-8 ಇನ್ನು ಸೊನ್ನೆ ಅಲ್ಲ, ಅದರಲ್ಲಿ 6 ಟೆನ್ಷನ್. ಅದರ ಬೆನ್ನಿಗೆ 8-3 ಕೂಡ ಸೊನ್ನೆಯಾಗಿ ಉಳಿಯುವುದಿಲ್ಲ.

ಎರಡು, ಇದು ಹೆಚ್ಚು ಅಪಾಯದ್ದು, ಟೈ ಬಾಗಲು ಶುರುವಾಗುತ್ತದೆ. 2 ಮೀಟರ್ ಉದ್ದದ ತುಂಡಿನ ನಡುವೆ 12 ಕಿಲೋನ್ಯೂಟನ್ ಇಟ್ಟು, ತುದಿಗಳು ಪಿನ್ ಎಂದು ಹಿಡಿದರೆ ಮೊಮೆಂಟ್ 12 × 2 ÷ 4 = 6 ಕಿಲೋನ್ಯೂಟನ್ ಮೀಟರ್. ಟೈ 50 × 50 × 6 ಆ್ಯಂಗಲ್ ಆಗಿದ್ದರೆ ಅದರ ಸೆಕ್ಷನ್ ಮಾಡ್ಯುಲಸ್ ಸುಮಾರು 3.6 ಘನ ಸೆಂಟಿಮೀಟರ್. ಭಾಗಿಸಿದರೆ ಚದರ ಮಿಲಿಮೀಟರಿಗೆ 1,600 ನ್ಯೂಟನ್ ದಾಟುತ್ತದೆ. ಸಾಮಾನ್ಯ ಸ್ಟೀಲ್ 250ಕ್ಕೇ ಯೀಲ್ಡ್ ಆಗಿ ಬಾಗಿಬಿಡುತ್ತದೆ. ಜೋಡಿ ಆ್ಯಂಗಲ್ ಹಾಕಿದರೂ ಉಳಿಯುವುದಿಲ್ಲ. ಅದೇ ಭಾರ ಜಾಯಿಂಟ್ 3ಕ್ಕೆ ಕಟ್ಟಿದಾಗ ಎರಡೂ ಭಾರ ಸೇರಿ ಟೈನಲ್ಲಿ ಬರುವ 46 ಕಿಲೋನ್ಯೂಟನ್ ಟೆನ್ಷನ್, ಸುಮಾರು 568 ಚದರ ಮಿಲಿಮೀಟರ್ ಅಡ್ಡಕೊಯ್ತದ ಮೇಲೆ ಹಂಚಿ, ಚದರ ಮಿಲಿಮೀಟರಿಗೆ 81 ನ್ಯೂಟನ್ ಅಷ್ಟೇ. ಒಂದು ಮೀಟರ್ ಈಚೆಗೆ ಕಟ್ಟಿದ್ದರಿಂದ ಆದ ವ್ಯತ್ಯಾಸ ಇದು. ಶೆಡ್ಡಿನಲ್ಲಿ ಟೈ ಕೆಳಕ್ಕೆ ಜೋತಿರುವುದು ಕಂಡರೆ, ಸರಪಳಿ ಉಜ್ಜಿದ ಗುರುತು ಎಲ್ಲಿದೆ ನೋಡಿ. ಎರಡು ಜಾಯಿಂಟಿನ ಗಸೆಟ್ ಪ್ಲೇಟ್‌ಗಳ ನಡುವೆ ಇದ್ದರೆ ಕಾರಣ ಅದೇ ಇರಬೇಕು.

ಸೊನ್ನೆ ಮೆಂಬರ್ ತೆಗೆಯಬಹುದೇ?

ಇಂಥ ಲೆಕ್ಕ ತೋರಿಸಿದಾಗ ಫ್ಯಾಬ್ರಿಕೇಟರ್ ಕೇಳುವ ಪ್ರಶ್ನೆ ಒಂದೇ: "ಸರ, ಎಷ್ಟರ ಲೆಕ್ಕ ಹಾಕ್ರಿ, 2-8ರಾಗ ಸೊನ್ನಿನ ಬರ್ತದಲ್ರೀ. ಮತ್ತ ಆ ತುಂಡು ಯಾಕ ಹಾಕೋದ್ರೀ? ತಗದು ಬಿಡೋಣೇನು?" ನ್ಯಾಯವಾದ ಪ್ರಶ್ನೆ. ಕಬ್ಬಿಣ ತೂಕದ ಮೇಲೆ ಕೊಳ್ಳುವವರಿಗೆ ಅದು ದುಡ್ಡಿನ ಮಾತು. ಉತ್ತರ, ಬೇಡ ಎಂದು.

8-3, 11-4ರಂಥವುಗಳ ಮಾತು ಮೇಲೆಯೇ ಮುಗಿಯಿತು. ಇನ್ನೊಂದು ಭಾರದಲ್ಲಿ ಅವು ದುಡಿಯುತ್ತವೆ. ಎರಡೂ ಸ್ಥಿತಿಯಲ್ಲಿ ಸೊನ್ನೆಯಾಗಿಯೇ ಇರುವುದು 2-8, 6-12. ಅವುಗಳ ಕೆಲಸ ಬಲ ಹೊರುವುದಲ್ಲ, ಟೈಯನ್ನು ಹಿಡಿದಿಡುವುದು.

ಮುಂಗಾರಿಗೆ ಮೊದಲು ಬರುವ ಗಾಳಿ-ಮಳೆ ನೆನೆಸಿಕೊಳ್ಳಿ. ಬಾಗಿಲು ತೆರೆದ ಶೆಡ್ಡಿನೊಳಗೆ ಗಾಳಿ ನುಗ್ಗಿ ಒಳಗಿನಿಂದ ನೂಕುತ್ತದೆ, ಹೊರಗೆ ಇಳಿಜಾರಿನ ಮೇಲೆ ಹೀರುತ್ತದೆ. ಪತ್ರಾಸು ಹಗುರ. ಮೇಲಕ್ಕೆತ್ತುವ ಬಲ ಛಾವಣಿಯ ತೂಕವನ್ನು ಮೀರಿದರೆ ಟ್ರಸ್‌ನಲ್ಲಿ ಎಲ್ಲ ಚಿಹ್ನೆ ತಿರುಗುತ್ತದೆ. ರಾಫ್ಟರಿಗೆ ಟೆನ್ಷನ್, ಟೈಗೆ ಕಂಪ್ರೆಶನ್. ತೆಳ್ಳಗಿನ ಉದ್ದನೆಯ ಟೈ ಕಂಪ್ರೆಶನ್‌ಗೆ ಸಿಕ್ಕರೆ ಬಳುಕುತ್ತದೆ. ಆಗ ಲೆಕ್ಕಕ್ಕೆ ಬರುವುದು ಅದರ ಹಿಡಿತವಿಲ್ಲದ ಉದ್ದ.

ಅದೇ 50 × 50 × 6 ಆ್ಯಂಗಲ್ಲಿನ ಅತಿ ಕಡಿಮೆ ಗೈರೇಶನ್ ತ್ರಿಜ್ಯ ಸುಮಾರು 9.6 ಮಿಲಿಮೀಟರ್. 2-8 ಇದ್ದಾಗ ಜಾಯಿಂಟ್ 2ರಲ್ಲಿ ಟೈಗೆ ಹಿಡಿತ ಸಿಗುತ್ತದೆ, ಉದ್ದ 2 ಮೀಟರ್. ತೆಳುತನದ ಅನುಪಾತ 2000 ÷ 9.6 = 208. 2-8 ತೆಗೆದರೆ 1ರಿಂದ 3ರವರೆಗೆ 4 ಮೀಟರ್ ಒಂದೇ ತುಂಡು. 4000 ÷ 9.6 = 417. ಸಾಮಾನ್ಯವಾಗಿ ಟೈ ಆಗಿದ್ದು, ಗಾಳಿಗೆ ಮಾತ್ರ ಕಂಪ್ರೆಶನ್‌ಗೆ ಬರುವ ಮೆಂಬರಿಗೆ ಸ್ಟೀಲ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800:2007 ಈ ಅನುಪಾತಕ್ಕೆ ಕೊಡುವ ಮಿತಿ 350. ಒಂದು ಸಣ್ಣ ತುಂಡು ತೆಗೆದರೆ ಟೈ ಮಿತಿ ದಾಟುತ್ತದೆ.

ಒಂದು ಎಚ್ಚರ. 2-8 ಹಿಡಿಯುವುದು ಟ್ರಸ್‌ನ ಸಮತಲದಲ್ಲಿ ಮಾತ್ರ, ಅಂದರೆ ಮೇಲೆ-ಕೆಳಗೆ. ಟೈ ಪಕ್ಕಕ್ಕೆ ಬಳುಕುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಒಂದು ಟ್ರಸ್‌ನಿಂದ ಇನ್ನೊಂದಕ್ಕೆ ಉದ್ದಕ್ಕೂ ಹೋಗುವ ರನ್ನರ್ ಆ್ಯಂಗಲ್ ಬೇಕು. ಮೇಲಿನ 208 ನಿಜವಾಗುವುದು ಜಾಯಿಂಟ್ 2ರಲ್ಲಿ ಅಂಥ ರನ್ನರ್ ಕೂಡ ಇದ್ದಾಗ. ರನ್ನರ್ ಜಾಯಿಂಟ್ 4ಕ್ಕೆ ಮಾತ್ರ ಇದ್ದರೆ ಪಕ್ಕದ ದಿಕ್ಕಿನ ಉದ್ದ 6 ಮೀಟರ್. ಆಗ 2-8 ಇದ್ದರೂ ಆ ದಿಕ್ಕಿಗೆ ದಪ್ಪ ಟೈ ಹಾಕಬೇಕು, ಇಲ್ಲವೇ ಇನ್ನೂ ಎರಡು ಸಾಲು ರನ್ನರ್ ಕೊಡಬೇಕು.

2-8ಕ್ಕೆ ಎಷ್ಟು ದಪ್ಪದ ಆ್ಯಂಗಲ್ ಬೇಕು ಎಂಬುದಕ್ಕೆ ಸಮತೋಲನದ ಲೆಕ್ಕದಿಂದ ಉತ್ತರ ಸಿಗುವುದಿಲ್ಲ, ಅಲ್ಲಿ ಸೊನ್ನೆ ಇದೆ. ಅದನ್ನು ತೆಳುತನದ ಮಿತಿಯಿಂದ, ವೆಲ್ಡ್ ಮಾಡಲು ಬೇಕಾದ ಕನಿಷ್ಠ ದಪ್ಪದಿಂದ, ಟೈ ತೂಕದಿಂದ ಜೋತು ಬೀಳದ ಹಾಗೆ ನೋಡಿ ಆರಿಸುತ್ತಾರೆ. ಒಂದೇ ಮೀಟರ್ ಉದ್ದದ ತುಂಡು. ಶೆಡ್ಡಿನಲ್ಲಿ ಉಳಿದಿರುವ ಸಣ್ಣ ಆ್ಯಂಗಲ್ ಸಾಕಾಗುತ್ತದೆ. ಚಿತ್ರದ ಮೇಲೆ ಅದರ ಪಕ್ಕ ಬಲ ಸೊನ್ನೆ ಎಂದು ಬರೆಯುವಾಗ ಜೊತೆಗೆ ಯಾವ ಭಾರಕ್ಕೆ ಎಂದೂ ಬರೆಯಿರಿ. ಸೈಟಿನಲ್ಲಿ ಚಿತ್ರ ಓದುವವರಿಗೆ ಆ ತುಂಡು ಬೇಡ ಎಂದು ಅನ್ನಿಸಬಾರದು.